ಪ್ರಶ್ನೋತ್ತರ: ಕಪ್ಪು ಹುಂಜಕ್ಕೆ ಪಟ್ಟೆ ಹೆಣ್ಣುಮರಿ ಹೇಗೆ ಹುಟ್ಟಿತು?

ಮೇಘನಾ: ಪಟ್ಟೆ ಹೇಂಟೆ, ಕಪ್ಪು ಹುಂಜ. ಪಟ್ಟೆ ಪ್ರಬಲ, ಲಿಂಗ ವರ್ಣತಂತುವಿನ ಮೇಲಿದೆ. ನನಗೆ ಎಲ್ಲಾ ಮರಿಗೂ ಪಟ್ಟೆ ಬರ್ತಿದೆ. ಉತ್ತರದಲ್ಲಿ ಗಂಡುಮರಿಗೆ ಮಾತ್ರ ಪಟ್ಟೆ ಅಂತಿದೆ. ಎಲ್ಲಿ ತಪ್ಪಿದೆ ಮೇಡಂ?

ವನಜಾ ಮೇಡಂ: ನೀನು ಹೇಂಟೆಗೆ ಎರಡು ಎಕ್ಸ್ ಕೊಟ್ಟು, ಅದನ್ನು ಶುದ್ಧ ಪಟ್ಟೆ ಅಂದುಕೊಂಡಿದ್ದೀಯ. ಮನುಷ್ಯರ ಲೆಕ್ಕ ಮಾಡಿ ಅಭ್ಯಾಸ ಆದವರೆಲ್ಲ ಇಲ್ಲೇ ಜಾರುವುದು. ಹಕ್ಕಿಯಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಪಟ್ಟೆಯ ಜೀನ್ ಝಡ್ ಮೇಲಿದೆ, ಡಬ್ಲ್ಯೂ ಮೇಲಿಲ್ಲ. ಅಂದಮೇಲೆ ಹೇಂಟೆ ಶುದ್ಧವೋ ಮಿಶ್ರವೋ ಅನ್ನುವ ಪ್ರಶ್ನೆಯೇ ಇಲ್ಲ. ಅದರ ಹತ್ತಿರ ಇರುವುದೇ ಒಂದು.

```
ಹೇಂಟೆ Z(B) W   ×   ಹುಂಜ Z(b) Z(b)
ಗಂಡುಮರಿ Z(B) Z(b) : ಪಟ್ಟೆ
ಹೆಣ್ಣುಮರಿ Z(b) W : ಕಪ್ಪು
```

ತಾಯಿ ತನ್ನ ಒಂದೇ ಝಡ್ಡನ್ನು ಮಗನಿಗೆ ಕೊಡುತ್ತಾಳೆ. ಮಗಳಿಗೆ ಅವಳಿಂದ ಸಿಗುವುದು ಡಬ್ಲ್ಯೂ. ಮಗಳ ಗರಿ ಹೇಗಿರಬೇಕು ಅನ್ನುವುದು ಪೂರ್ತಿ ಅಪ್ಪನ ಕೈಯಲ್ಲಿದೆ. ಈಗ ತಿರುಗಿಸಿ ಮಾಡಿ ನೋಡು: ಶುದ್ಧ ಪಟ್ಟೆ ಹುಂಜ, ಕಪ್ಪು ಹೇಂಟೆ. ಎಲ್ಲಾ ಮರಿಗೂ ಪಟ್ಟೆ. ಗಂಡು ಹೆಣ್ಣು ಬೇರೆಬೇರೆ ಬಣ್ಣದಲ್ಲಿ ಹುಟ್ಟಬೇಕಾದರೆ ಎರಡು ಒಂದೇ ಥರದ ವರ್ಣತಂತು ಇರುವ ಕಡೆ ದುರ್ಬಲ ಗುಣ ಇರಬೇಕು. ಹಣ್ಣುನೊಣದಲ್ಲಿ ಅದು ತಾಯಿ, ಕೋಳಿಯಲ್ಲಿ ಅಪ್ಪ. ಇಷ್ಟು ನೆನಪಿದ್ದರೆ ಬಾಯಿಪಾಠ ಬೇಡ.

ಸುಧೀರ್: ಕೀಟಗಳಲ್ಲಿ ಎಲ್ಲಾ ಎಕ್ಸ್-ವೈ, ಹಕ್ಕಿಯಲ್ಲಿ ಮಾತ್ರ ಝಡ್-ಡಬ್ಲ್ಯೂ. ಸಿಂಪಲ್.

ವನಜಾ ಮೇಡಂ: ಅಷ್ಟು ಸಿಂಪಲ್ ಅಲ್ಲ. ಪತಂಗ, ಚಿಟ್ಟೆ, ರೇಷ್ಮೆ ಹುಳು ಹಕ್ಕಿಯ ಥರ. ಈ ತಲೆಕೆಳಗಾದ ಲೆಕ್ಕ ಮೊದಲು ಕಂಡದ್ದೇ ಪತಂಗದಲ್ಲಿ, 1906ರಲ್ಲಿ. ಮಾರ್ಗನ್‌ರ ಬಿಳಿ ಕಣ್ಣಿನ ನೊಣ ಬಂದದ್ದು 1910ರಲ್ಲಿ. ಮಿಡತೆಯಲ್ಲಿ ಗಂಡಿಗೆ ಒಂದೇ ಎಕ್ಸ್, ವೈ ಇಲ್ಲವೇ ಇಲ್ಲ.

ನಾಗರಾಜ್: ಮೇಡಂ, ನಾನು ಇದನ್ನೇ ಮಾಡಿದ್ದೆ. ಪಟ್ಟೆ ಹೇಂಟೆಗಳಿಗೆ ಕಪ್ಪು ಹುಂಜ ಬಿಟ್ಟೆ. 14 ಮರಿ ಆದವು. ಪಟ್ಟೆಯ ಗುರುತಾದ ಬಿಳಿ ಚುಕ್ಕೆ ತಲೆ ಮೇಲೆ ಇದ್ದವು 10, ಅವೆಲ್ಲ ಗಂಡು ಅಂತ ಬೇರೆ ಕಟ್ಟಿದ್ದೆ. ಅದರಲ್ಲಿ ಎರಡು ಈಗ ಮೊಟ್ಟೆ ಇಡ್ತಿವೆ!

ವನಜಾ ಮೇಡಂ: ಇದು ಒಳ್ಳೆ ಕೇಸು. ಆ ಎರಡರ ಗರಿಯಲ್ಲಿ ಪಟ್ಟೆ ಸ್ಪಷ್ಟವಾಗಿದೆಯಾ? ಮೊದಲು ಬೇರೆ ಹುಂಜ ಇತ್ತಾ? ಹೊಸದು ಬಂದು ಎಷ್ಟನೇ ದಿನದಿಂದ ಮೊಟ್ಟೆ ಕೂಡಿಟ್ಟಿರಿ?

ಸುಧೀರ್: ವರ್ಣತಂತು ಬೇರ್ಪಡದೆ ಉಳಿದಿರುತ್ತೆ. ಮಾರ್ಗನ್‌ರ ಶಿಷ್ಯ ಬ್ರಿಜಸ್ ನೊಣದಲ್ಲಿ ತೋರಿಸಿದ್ದು ಇದೇ ಅಲ್ವಾ.

ನಾಗರಾಜ್: ಪಟ್ಟೆ ಚೆನ್ನಾಗಿಯೇ ಇದೆ. ಮೊದಲು ಪಟ್ಟೆ ಹುಂಜ ಇತ್ತು, ಅದನ್ನು ಕೊಟ್ಟುಬಿಟ್ಟೆ. ಐದನೇ ದಿನದಿಂದ ಕೂಡಿಟ್ಟೆ.

ವನಜಾ ಮೇಡಂ: ಹಾಗಾದರೆ ಸಿಕ್ಕಿತು. ಹೇಂಟೆಯ ಒಳಗೆ ವೀರ್ಯ ಉಳಿಯುತ್ತದೆ. ಹುಂಜವನ್ನು ತೆಗೆದ ಮೇಲೂ ಎರಡು ವಾರ, ಕೆಲವೊಮ್ಮೆ ಮೂರು ವಾರ ಫಲಿತ ಮೊಟ್ಟೆ ಬರುತ್ತವೆ. ನಿಮ್ಮ 14ರಲ್ಲಿ ಕೆಲವು ಹಳೇ ಹುಂಜದವು.

ಲೆಕ್ಕ ನೋಡಿ. ಮಗಳ ಝಡ್ ಬರುವುದು ಅಪ್ಪನಿಂದ. ಅದರಲ್ಲಿ ಪಟ್ಟೆ ಇದೆ ಅಂದರೆ ಕಪ್ಪು ಹುಂಜ ಅಪ್ಪನಲ್ಲ. ಕಪ್ಪು ಹೆಣ್ಣುಮರಿ ನಾಲ್ಕೂ, ಹಳೇ ಹುಂಜ ಶುದ್ಧ ಪಟ್ಟೆಯಾಗಿದ್ದರೆ, ಹೊಸದರವೇ. ಗಂಡುಮರಿಯಲ್ಲಿ ಮಾತ್ರ ಗೋಜಲು, ಯಾಕೆಂದರೆ ಅಪ್ಪ ಯಾರಾದರೂ ಗಂಡಿಗೆ ಪಟ್ಟೆ ಬರುತ್ತದೆ. ಆದರೆ ಇಲ್ಲೊಂದು ಸುಳಿವಿದೆ. ಪಟ್ಟೆಯ ಜೀನ್ ಎರಡು ಇದ್ದರೆ ಬಿಳಿ ಗೆರೆ ಅಗಲ, ಹಕ್ಕಿ ಒಟ್ಟಾರೆ ತಿಳಿಬಣ್ಣ. ಒಂದೇ ಇದ್ದರೆ ಗಾಢ. ನಿಮ್ಮ ಎಂಟು ಗಂಡನ್ನು ಸಾಲಾಗಿ ನಿಲ್ಲಿಸಿ ನೋಡಿ. ತಿಳಿಯವು ಹಳೇ ಹುಂಜದವು ಇರಬೇಕು.

ಸುಧೀರ್, ಬೇರ್ಪಡದೆ ಇರುವುದು ಆಗದ ಮಾತಲ್ಲ. ಆದರೆ 14ರಲ್ಲಿ ಎರಡು ಸಲ ಅದು ಯಾಕೆ ಆಗಬೇಕು? ಬಾಗಿಲು ತೆರೆದಿರುವಾಗ ಗೋಡೆ ಹಾರುವುದು ಬೇಡ.

ರೇಖಾ: ಚೂಪು ಮೊಟ್ಟೆ ಗಂಡು, ದುಂಡು ಮೊಟ್ಟೆ ಹೆಣ್ಣು. ಇನ್‌ಕ್ಯುಬೇಟರ್ ಬಿಸಿ ಸ್ವಲ್ಪ ಜಾಸ್ತಿ ಮಾಡಿದ್ರೆ ಹೆಣ್ಣೇ ಬರ್ತಾವಂತೆ. ಫಾರ್ವರ್ಡ್ ಬಂದಿತ್ತು, ಎಲ್ಲರಿಗೂ ಉಪಯೋಗ ಆಗಲಿ.

ವನಜಾ ಮೇಡಂ: ಯಾರಿಗೂ ಉಪಯೋಗ ಇಲ್ಲ. ಬಿಸಿಯಿಂದ ಲಿಂಗ ತೀರ್ಮಾನ ಆಗುವುದು ಮೊಸಳೆಗೆ, ಹಲವು ಆಮೆಗಳಿಗೆ. ಕೋಳಿಯಲ್ಲಿ ಮೊಟ್ಟೆ ಹೊರಬೀಳುವ ಮೊದಲೇ ಝಡ್ ಅಥವಾ ಡಬ್ಲ್ಯೂ ಸೇರಿ ಆಗಿರುತ್ತದೆ. ಇನ್‌ಕ್ಯುಬೇಟರ್ 37.5 ಡಿಗ್ರಿ ಸುತ್ತ ಇರಲಿ. ಒಂದೆರಡು ಡಿಗ್ರಿ ಏರಿಸಿ ಕಾಯಿಸಿದರೆ ಹೆಣ್ಣು ಬರುವುದಿಲ್ಲ, ಒಳಗಿನ ಮರಿ ಸಾಯುತ್ತದೆ, ಉಳಿದದ್ದರ ಕಾಲು ಸೊಟ್ಟ. ಇಂಥದ್ದನ್ನು ಇಲ್ಲಿ ಹಾಕಬೇಡಿ ಅಂತ ಎಷ್ಟು ಸಲ ಹೇಳುವುದು?

ರೇಖಾ: ಸುಮ್ನೆ ಹಂಚಿಕೊಂಡೆ, ಅಷ್ಟಕ್ಕೆ ಇಷ್ಟು ಸಿಟ್ಟಾ?

ಕಿರಣ್: ಹಾಗಾದ್ರೆ ಹೆಣ್ಣುಮಗು ಆದದ್ದಕ್ಕೆ ಅಮ್ಮನೇ ಕಾರಣನಾ?

ವನಜಾ ಮೇಡಂ: ಕೋಳಿಯಲ್ಲಿ ತಾಯಿ. ಮನುಷ್ಯರಲ್ಲಿ ಅಪ್ಪನ ವೀರ್ಯ. ಎರಡನ್ನೂ ಕಲಸಬೇಡಿ.

ಸುಧೀರ್: ಒಟ್ಟಿನಲ್ಲಿ ವೈ ಇದ್ದರೆ ಗಂಡು. ನೊಣದಲ್ಲೂ, ನಮ್ಮಲ್ಲೂ.

ಜೋಸೆಫ್: ಇಲ್ಲಪ್ಪ. ಎರಡು ಎಕ್ಸ್, ಒಂದು ವೈ ಇದ್ದರೆ ಮನುಷ್ಯ ಗಂಡು, ನೊಣ ಹೆಣ್ಣು. ಅದೂ ಮೊಟ್ಟೆ ಇಡುವ ಹೆಣ್ಣು. ಒಂದೇ ಎಕ್ಸ್, ವೈ ಇಲ್ಲ ಅಂದರೆ ನಮ್ಮಲ್ಲಿ ಹೆಣ್ಣು, ನೊಣದಲ್ಲಿ ಸಂತಾನವಾಗದ ಗಂಡು.

ಸುಧೀರ್: ಅದು ಅಪರೂಪದ ಕೇಸ್. ಪರೀಕ್ಷೆಗೆ ಬರಲ್ಲ.

ಜೋಸೆಫ್: ನೀವೇ ಮೇಲೆ ಬ್ರಿಜಸ್ ಹೆಸರು ಎಳೆದಿರಿ. ಅವರ ಬಿಳಿ ಕಣ್ಣಿನ ಅಪವಾದದ ಹೆಣ್ಣುನೊಣಗಳು ಇದೇ ಥರದವು. ಓದದೆ ಹೆಸರು ಎಸೆಯೋದು ಯಾಕೆ?

ಸುಧೀರ್: ಸರಿ, ನೀವೇ ಪಂಡಿತರು.

ಲಲಿತಾ: ನಾನು ಜೇನು ಸಾಕ್ತೀನಿ. ಗಂಡುನೊಣಕ್ಕೆ ಅಪ್ಪ ಇಲ್ಲ ಅಂತಾರಲ್ಲ, ಅದರ ಲೆಕ್ಕಕ್ಕೂ ಝಡ್-ಡಬ್ಲ್ಯೂ ಹಾಕಬೇಕಾ?

ವನಜಾ ಮೇಡಂ: ಬೇಡ. ಅಲ್ಲಿ ಲಿಂಗ ವರ್ಣತಂತುವೇ ಇಲ್ಲ. ಫಲಿಸದ ಮೊಟ್ಟೆ 16 ವರ್ಣತಂತು ಇಟ್ಟುಕೊಂಡು ಗಂಡಾಗುತ್ತದೆ, ಫಲಿಸಿದ್ದು 32 ಇಟ್ಟುಕೊಂಡು ಹೆಣ್ಣಾಗುತ್ತದೆ. ಗಂಡಿನಲ್ಲಿ ಪ್ರತಿ ಜೀನೂ ಒಂಟಿ. ಹಾಗಾಗಿ ಎಲ್ಲಾ ಗುಣವೂ ಲಿಂಗಕ್ಕೆ ಅಂಟಿದ ಹಾಗೇ ಕಾಣುತ್ತದೆ. ರಾಣಿ ಮಿಶ್ರವೋ ಶುದ್ಧವೋ ತಿಳಿಯಬೇಕಾ? ಅವಳ ಗಂಡುಮಕ್ಕಳನ್ನು ನೋಡಿ, ಸಾಕು. ಎರಡು ಥರ ಅರ್ಧರ್ಧ ಬಂದರೆ ಮಿಶ್ರ.

ಪ್ರಿಯಾ: ಮೇಡಂ, ಕೋಳಿಯಲ್ಲಿ ಹೆಣ್ಣು ಎಕ್ಸ್-ಎಕ್ಸ್ ತಾನೆ?

ವನಜಾ ಮೇಡಂ: ಮೇಲೆ ಓದಿ.

ಅನಿಲ್: ಪ್ಲಾಟಿಪಸ್‌ಗೆ ಹತ್ತು ಲಿಂಗ ವರ್ಣತಂತು ಇದೆಯಂತೆ. ಅದರ ಲೆಕ್ಕ ಹೇಗೆ?

ಪ್ರಿಯಾ: ಮೇಲೆ ಅಂದ್ರೆ ಎಲ್ಲಿ? ಅರ್ಧ ಬರೀ ಜಗಳವೇ ಇದೆ.

ನಾಗರಾಜ್: ಸಾಲಾಗಿ ನಿಲ್ಲಿಸಿ ನೋಡಿದೆ ಮೇಡಂ. ಮೂರು ಹುಂಜ ನಿಜಕ್ಕೂ ತಿಳಿ. ಇನ್ನೊಂದು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ.

ವನಜಾ ಮೇಡಂ: ಆ ಒಂದನ್ನು ಕಣ್ಣಳತೆಗೆ ಬಿಡಬೇಡಿ. ಕಪ್ಪು ಹೇಂಟೆಯ ಜೊತೆ ಬೇರೆ ಗೂಡಿನಲ್ಲಿ ಬಿಡಿ. ಒಂದೇ ಒಂದು ಕಪ್ಪು ಮರಿ ಬಂದರೂ ಅದರಲ್ಲಿ ಪಟ್ಟೆ ಜೀನ್ ಒಂದೇ. ಹಳೇ ಹುಂಜ ಶುದ್ಧ ಪಟ್ಟೆಯಾಗಿದ್ದರೆ, ಅಪ್ಪ ಹೊಸ ಹುಂಜ. ಹತ್ತು ಮರಿಗೂ ಪಟ್ಟೆ ಬಂದರೆ ಎರಡಿದೆ ಅನ್ನಬಹುದು. ಒಂದೇ ಇದ್ದು ಹಾಗೆ ಬರುವ ಸಾಧ್ಯತೆ 1024ರಲ್ಲಿ ಒಂದು. ಮತ್ತೆ ಈ ಸಲ ಆ ಹೇಂಟೆಯನ್ನು ಮೊದಲು ಮೂರು ವಾರ ಒಂಟಿಯಾಗಿಡಿ.

ನಾಗರಾಜ್: ಮೂರು ವಾರದ ಮೊಟ್ಟೆ?

ವನಜಾ ಮೇಡಂ: ತಿನ್ನಿ.