ಉಪ್ಸಾಲಾದ ಹಸ್ತಪ್ರತಿ ನೋಡಲು ಪತ್ರ ಹೇಗೆ ಬರೆಯಲಿ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಹದಿನೇಳನೆಯ ಶತಮಾನದ ಸಂಗೀತ ರಚನಕಾರ ಬುಕ್ಸ್‌ಟೆಹೂಡೆಯ ‘ಮೆಂಬ್ರ ಯೇಸು ನೋಸ್ತ್ರಿ’ ಎಂಬ ಗಾಯನ ಕೃತಿ ನನ್ನ ಪ್ರಬಂಧದ ವಿಷಯ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗ್ರಂಥಪಾಲಕರಿಗೆ ಬರೆದ ಕರಡು: “ಡ್ಯೂಬೆನ್ ಸಂಗ್ರಹದಲ್ಲಿರುವ ಬುಕ್ಸ್‌ಟೆಹೂಡೆಯ ಎಲ್ಲ ಹಸ್ತಪ್ರತಿಗಳನ್ನು ನೋಡಲು ದಯವಿಟ್ಟು ಅನುಮತಿ ಕೊಡಿ.” ಸಾಕೇ?

ಗ್ರಂಥಪಾಲಕ, ಹಸ್ತಪ್ರತಿ ವಿಭಾಗ: ಸಾಲದಮ್ಮ. “ಎಲ್ಲ” ಅಂದರೆ ಕಪಾಟಿನಿಂದ ಯಾವುದನ್ನು ಇಳಿಸಬೇಕು ಅಂತ ಅವರಿಗೆ ಗೊತ್ತಾಗೋದಿಲ್ಲ. ಆ ಸಂಗ್ರಹದ ಕ್ಯಾಟಲಾಗು ಆನ್‌ಲೈನಿನಲ್ಲಿದೆ, ಚಿತ್ರಗಳೂ ಇವೆ. ಹಾಗಾಗಿ ಬರುವ ಮೊದಲ ಉತ್ತರ “ಚಿತ್ರ ನೋಡಿಕೊಳ್ಳಿ” ಅಂತಲೇ. ಚಿತ್ರದಲ್ಲಿ ಏನು ಕಾಣಲಿಲ್ಲ ಅನ್ನೋದೇ ನಿಮ್ಮ ಪತ್ರದ ಜೀವ.

‘ಮೆಂಬ್ರ’ದ 1680ರ ಪ್ರತಿ ಬುಕ್ಸ್‌ಟೆಹೂಡೆಯ ಕೈಬರಹ, ಆ ಸಂಗ್ರಹ ಕಟ್ಟಿದ ಗುಸ್ತಾವ್ ಡ್ಯೂಬೆನ್‌ಗೆ ಅರ್ಪಿಸಿದ್ದು. ಅದರಲ್ಲಿ ಐದು ಗೆರೆಯ ಸ್ವರಲಿಪಿ ಇಲ್ಲ, ಜರ್ಮನ್ ಆರ್ಗನ್ ಟ್ಯಾಬ್ಲೇಚರ್ ಇದೆ: ಸ್ವರ ಅಕ್ಷರದಲ್ಲಿ, ಸ್ಥಾಯಿ ಅಕ್ಷರದ ಮೇಲಿನ ಪುಟ್ಟ ಗೀಟಿನಲ್ಲಿ. ಹಾಳೆಯ ಹಿಂಬದಿಯ ಶಾಯಿ ಈ ಕಡೆ ಮೂಡಿದ್ದರೆ ಚಿತ್ರದಲ್ಲಿ ಅದೂ ಗೀಟಿನಂತೆಯೇ ಕಾಣುತ್ತದೆ. ಸ್ವರ ಒಂದು ಸ್ಥಾಯಿ ಮೇಲೆ ಹೋಗಿಬಿಡುತ್ತದೆ. ಹೆರೆದು ತಿದ್ದಿದ ಜಾಗ ಓರೆ ಬೆಳಕಿನಲ್ಲಿ ಮಾತ್ರ ಗೊತ್ತಾಗೋದು. ಪ್ರತಿಯ ಗುರುತಿನ ಸಂಖ್ಯೆಯಿಂದ ಶುರು ಮಾಡಿ ಹೀಗೆ ಬರೆಯಿರಿ (ಇಂಗ್ಲಿಷಿನಲ್ಲಿ ಸಾಕು):

“S-Uu, vok. mus. i hs. 50:12 (BuxWV 75) ಪ್ರತಿಯ ಚಿತ್ರಗಳನ್ನು ಪೂರ್ತಿ ಓದಿದ್ದೇನೆ. ಇದರೊಂದಿಗಿರುವ ಪಟ್ಟಿಯ ಆರು ಕಡೆ ಸ್ಥಾಯಿಯ ಗೀಟು ಯಾವುದು, ಹಿಂಬದಿಯ ಶಾಯಿ ಯಾವುದು ಎಂದು ತಿಳಿಯುತ್ತಿಲ್ಲ. ಈ ಪುಟಗಳನ್ನಷ್ಟೇ ಮೂಲದಲ್ಲಿ ಎರಡು ದಿನ ನೋಡಬೇಕು. ಓರೆ ಬೆಳಕು ಬಳಸಬಹುದೇ? ನನಗೆ ಹೊಂದುವ ಮೂರು ವಾರಗಳು ಇವು.”

ಪಟ್ಟಿಯಲ್ಲಿ ಪುಟ, ಸಾಲು, ಎಷ್ಟನೆಯ ಅಕ್ಷರ ಅಂತ ಇರಲಿ. ಆರಕ್ಕೂ ಅವರೇ ಹೊಸ ಚಿತ್ರ ತೆಗೆದು ಕಳಿಸಿದರೂ ಆಶ್ಚರ್ಯವಿಲ್ಲ, ಆಗ ವಿಮಾನದ ಖರ್ಚೂ ಉಳಿಯಿತು.

ಗಾಯಕ: 1680ರದ್ದಕ್ಕೆ ಕಾಪಿರೈಟ್ ಎಲ್ಲಿದೆ? ಫೋಟೊ ತೆಗೆದು ಪ್ರಬಂಧದಲ್ಲಿ ಹಾಕಿದರಾಯ್ತು.

ಗ್ರಂಥಪಾಲಕ: ಕೃತಿಗಿಲ್ಲ, ನಿಜ. ಆದರೆ ವಾಚನಾಲಯದಲ್ಲಿ ಕ್ಯಾಮೆರಾ ಬಿಡಬೇಕೋ ಬೇಡವೋ ಅನ್ನೋದು ಅವರ ನಿಯಮ. ಫೋಟೊ ತೆಗೆಯೋದು, ಅಚ್ಚು ಮಾಡೋದು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಕೇಳಿ. ಒಟ್ಟಿಗೆ ಕೇಳಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಬರುತ್ತದೆ.

ಇನ್ನೊಬ್ಬರು: ನನ್ನದು ತಾಳೆಗರಿ ಸಾರ್, ಕೀರ್ತನೆಗಳು. ಇದೇ ಪತ್ರ ನಡೆಯುತ್ತಾ?

ಗ್ರಂಥಪಾಲಕ: ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ ಬರೆಯಿರಿ, ಉಳಿದದ್ದು ಹೀಗೆಯೇ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಸಾಹಿತ್ಯವಷ್ಟೇ ಇರುತ್ತದೆ. ಸ್ವರ ಸಿಗುತ್ತದೆಂದು ಹೊರಡಬೇಡಿ.

ಪ್ರಾಧ್ಯಾಪಕಿ: ಮಾರ್ಗದರ್ಶಕರ ಪತ್ರವನ್ನು ಮೊದಲ ಇಮೇಲ್‌ಗೇ ಸೇರಿಸಿ ಅಂತ ನಾನು ಹೇಳುತ್ತೇನೆ.

ಗ್ರಂಥಪಾಲಕ: ನಾನಾದರೆ ಕೇಳಿದ ಮೇಲೆ ಕಳಿಸುತ್ತಿದ್ದೆ ಮೇಡಂ. ಅಟ್ಯಾಚ್‌ಮೆಂಟು ಹೆಚ್ಚಾದರೆ ಆ ಆರು ಸಾಲಿನ ಪಟ್ಟಿ ಅದರಡಿ ಹೂತುಹೋಗುತ್ತದೆ.

ಪ್ರಾಧ್ಯಾಪಕಿ: ಒಪ್ಪಲಾರೆ. ಅದಿಲ್ಲದ ಪತ್ರ ಒಂದು ಸುತ್ತು ಹೆಚ್ಚು ತಿರುಗುತ್ತದೆ.