ಟಿ-ಶರ್ಟಿನ ಮೇಲೆ ಹಾಕಿದ ಕೈಕಸೂತಿ ನೆರಿಗೆಗಟ್ಟುತ್ತಿದೆ: ಹಿಂದೆ ಏನು ಕೊಡಬೇಕು?

ಹೊಂಗೆನೆರಳು: ಮಗಳ ಟಿ-ಶರ್ಟಿನ ಎದೆಯ ಮೇಲೆ ಅಂಗೈಯಗಲದ ತಾವರೆಯನ್ನು ಸ್ಯಾಟಿನ್ ಹೊಲಿಗೆಯಲ್ಲಿ ತುಂಬಿದ್ದೇನೆ. ಹಿಂದೆ ಪೇಪರ್ ಕೊಟ್ಟಿದ್ದರೂ ಸುತ್ತಲಿನ ಬಟ್ಟೆ ನೆರಿಗೆಗಟ್ಟಿ, ಹೂವು ಬಟ್ಟಲಿನಂತೆ ಉಬ್ಬಿ ನಿಂತಿದೆ. ಇಸ್ತ್ರಿ ಹಾಕಿದರೂ ಸರಿಹೋಗುವುದಿಲ್ಲ. ಕುರ್ತಾದ ಮೇಲೆ ಇದೇ ದಾರದಲ್ಲಿ ಮಾಡಿದ ಕೆಲಸ ಚಪ್ಪಟೆಯಾಗಿ ಕೂರುತ್ತದೆ. ಬಹಳ ಬೇಸರವಾಗಿದೆ, ಯಾವ ಬ್ಯಾಕಿಂಗ್ ಸರಿ ಎಂದು ದಯವಿಟ್ಟು ತಿಳಿಸಿ.

ದಾರದುಂಡೆ: ಬ್ಯಾಕಿಂಗ್ ತೆಳುವಾದುದೇ ಕಾರಣ. ಕಾಲರಿಗೆ ಹಾಕುವ, ಇಸ್ತ್ರಿಯ ಬಿಸಿಗೆ ಅಂಟುವ ಗಟ್ಟಿ ಫ್ಯೂಸಿಂಗ್ ಕ್ಯಾನ್ವಾಸನ್ನು ಅಂಟಿಸಿ, ಬಟ್ಟೆ ಅಲುಗಾಡುವುದೇ ಇಲ್ಲ.

ಕಸೂತಿಮನೆ_ಧಾರವಾಡ: ಅಕ್ಕ, ನಾನು ಟಿ-ಶರ್ಟಿನ ಮೇಲೆ ಧಾರವಾಡ ಕಸೂತಿಯ ಗೋಪುರದ ಚಿತ್ರ ಹಾಕುವಾಗ ಎಳೆ ಎಣಿಸಲು ಬರುವುದಿಲ್ಲವೆಂದು ನೀರಿನಲ್ಲಿ ಕರಗುವ ಕ್ಯಾನ್ವಾಸನ್ನು ಮೇಲೆ ಹೊಲಿದುಕೊಂಡು, ಅದರ ತೂತುಗಳನ್ನು ಎಣಿಸಿ ಗವಂತಿ, ಮುರ್ಗಿ ಹೊಲಿಗೆಗಳನ್ನು ಹಾಕುತ್ತೇನೆ. ತೊಳೆದರೆ ಕ್ಯಾನ್ವಾಸ್ ಕರಗಿಹೋಗುತ್ತದೆ, ನೆರಿಗೆ ಬೀಳುವುದಿಲ್ಲ. ನೀವೂ ಅದನ್ನೇ ಬಳಸಬಹುದು.

ಹಳೆಸೂಜಿ: ಗೋಪುರದಲ್ಲಿ ಇರುವುದು ಚಿಕ್ಕ ಚಿಕ್ಕ ಗೆರೆಗಳು, ಅವು ಬಟ್ಟೆಯನ್ನು ಅಷ್ಟಾಗಿ ಎಳೆಯುವುದಿಲ್ಲ. ತುಂಬಿದ ಹೂವಿನ ಕಥೆ ಬೇರೆ. ಹೊಂಗೆನೆರಳು ಅವರೇ, ನೆರಿಗೆ ಕಾಣಿಸಿದ್ದು ಫ್ರೇಮ್ ತೆಗೆದ ಕೂಡಲೇ, ಅಥವಾ ಒಗೆದ ಮೇಲೆ? ಆ ಪೇಪರ್ ಈಗಲೂ ಹಿಂದೆ ಇದೆಯೇ?

ಹೊಂಗೆನೆರಳು: ಫ್ರೇಮಿನಲ್ಲಿ ತಮಟೆಯಷ್ಟು ಬಿಗಿಯಾಗಿ, ಚೆನ್ನಾಗಿಯೇ ಇತ್ತು. ತೆಗೆದ ಕೂಡಲೇ ಸ್ವಲ್ಪ ಮುದುಡಿತು, ಒಗೆದ ಮೇಲೆ ಇನ್ನೂ ಹೆಚ್ಚಾಯಿತು. ಮೆಷಿನ್ ಎಂಬ್ರಾಯ್ಡರಿಯವರು ಕೊಟ್ಟ ಹರಿಯುವ ಪೇಪರ್ ಅದು. ಕೆಲಸ ಮುಗಿದ ಮೇಲೆ ಹರಿದು ತೆಗೆದೆ. ಶರ್ಟ್ ಹೊಸದು, ಮೊದಲು ಒಗೆದಿರಲಿಲ್ಲ.

ಹಳೆಸೂಜಿ: ಹಾಗಾದರೆ ಕಾರಣ ಒಂದಲ್ಲ. ಹೆಣೆದ ಬಟ್ಟೆಯ ಕುಣಿಕೆಗಳನ್ನು ಎಳೆದು ಫ್ರೇಮಿಗೆ ಹಾಕಿದರೆ, ನೀವು ಹಿಗ್ಗಿದ ಬಟ್ಟೆಯ ಮೇಲೆ ಹೊಲಿದಂತಾಗುತ್ತದೆ. ಫ್ರೇಮ್ ತೆಗೆದಾಗ ಬಟ್ಟೆ ಹಿಂದಕ್ಕೆ ಸರಿಯುತ್ತದೆ, ಹಿಗ್ಗದ ದಾರ ಹಾಗೆಯೇ ಉಳಿಯುತ್ತದೆ. ಶರ್ಟಿನ ಮೇಲೆ ಉದ್ದುದ್ದ ಸಾಗುವ ಸಣ್ಣ ಏಣುಗಳನ್ನು ನೋಡಿ: ಫ್ರೇಮಿನಲ್ಲಿ ಅವು ಬಾಗಿದ್ದರೆ ಅಥವಾ ಒಂದರಿಂದೊಂದು ದೂರವಾಗಿದ್ದರೆ, ಬಿಗಿತ ಹೆಚ್ಚಾಗಿದೆ ಎಂದರ್ಥ. ಎರಡನೆಯದು, ಹರಿಯುವ ಪೇಪರ್ ಹೊಲಿಯುವಷ್ಟು ಹೊತ್ತು ಮಾತ್ರ ಆಸರೆ. ಸ್ಯಾಟಿನ್ ಹೊಲಿಗೆ ಎರಡು ಅಂಚುಗಳನ್ನೂ ಒಳಕ್ಕೆ ಸೆಳೆಯುತ್ತಲೇ ಇರುತ್ತದೆ. ಅದನ್ನು ತಡೆಯುವ ಪದರ ಕೊನೆಯವರೆಗೂ ಹಿಂದೆ ಉಳಿಯಬೇಕು. ಆದ್ದರಿಂದ ತುಂಬಿದ ಹೂವಿಗೆ ಮೃದುವಾದ ಕಟ್-ಅವೇ, ಅಂದರೆ ಕೈಯಲ್ಲಿ ಹರಿಯಲು ಬಾರದ, ಸುತ್ತಲಿನ ಹೆಚ್ಚುವರಿಯನ್ನಷ್ಟೇ ಕತ್ತರಿಸಿ ತೆಗೆಯುವ ಬ್ಯಾಕಿಂಗ್ ಬೇಕು. ಮೂರನೆಯದು, ಒಗೆಯದ ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಶರ್ಟನ್ನು ಒಗೆದು ಒಣಗಿಸಿ, ಚಿತ್ರಕ್ಕಿಂತ ಪ್ರತಿ ಬದಿಗೂ ಎರಡು ಇಂಚು ಹೆಚ್ಚಿರುವ ಕಟ್-ಅವೇ ತುಂಡನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಅದರ ಮೇಲೆ ಶರ್ಟನ್ನು ಎಳೆಯದೆ ಇಟ್ಟು, ಚಿತ್ರದ ಸುತ್ತ ದೊಡ್ಡ ಕಚ್ಚಾ ಹೊಲಿಗೆ ಹಾಕುತ್ತೇನೆ. ಎರಡನ್ನೂ ಸೇರಿಸಿ ಫ್ರೇಮಿಗೆ ಹಾಕಿ, ತಿರುಪು ಬಿಗಿದ ಮೇಲೆ ಬಟ್ಟೆಯ ಅಂಚನ್ನು ಎಳೆಯುವುದಿಲ್ಲ. ಎರಡೆಳೆ ದಾರ ಸಾಕು. ಒಂದು ಸೆಂಟಿಮೀಟರಿಗಿಂತ ಅಗಲವಾದ ದಳವನ್ನು ಒಂದೇ ಉದ್ದದ ಹೊಲಿಗೆಯಲ್ಲಿ ದಾಟಿಸದೆ, ಉದ್ದ-ಗಿಡ್ಡ ಹೊಲಿಗೆಯಲ್ಲಿ ಸಾಲು ಸಾಲಾಗಿ ತುಂಬುತ್ತೇನೆ. ಮುಗಿದ ಮೇಲೆ ಹಿಂದಿನ ಪದರವನ್ನು ಚಿತ್ರದ ಸುತ್ತ ಅರ್ಧ ಇಂಚು ಬಿಟ್ಟು ಕತ್ತರಿಸುತ್ತೇನೆ.

ದಾರದುಂಡೆ: ಇಷ್ಟೆಲ್ಲ ಏಕೆ? ಕ್ಯಾನ್ವಾಸ್ ಅಂಟಿಸಿದರೆ ಫ್ರೇಮಿನ ಬಿಗಿತದ ಪ್ರಶ್ನೆಯೇ ಬರುವುದಿಲ್ಲ.

ಹಳೆಸೂಜಿ: ಬಟ್ಟೆ ಹಿಗ್ಗದಂತೆ ಅಂಟಿಸಿಬಿಡುವ ಯೋಚನೆ ಸರಿ, ಆರಿಸಿದ ವಸ್ತು ಸರಿಯಲ್ಲ. ಗಟ್ಟಿ ಕ್ಯಾನ್ವಾಸ್ ನೇಯ್ದ ಬಟ್ಟೆಯ ಕಾಲರಿಗೆ ಹೊಂದುತ್ತದೆ. ಶರ್ಟ್ ಮೈಮೇಲೆ ಹಿಗ್ಗುವಾಗ ಅದರ ಅಂಚು ಎದೆಯ ಮೇಲೆ ಚೌಕವಾಗಿ ಎದ್ದು ಕಾಣುತ್ತದೆ, ಒಗೆದಾಗ ಬಟ್ಟೆ ಅದರಿಂದ ಬಿಟ್ಟು ಗುಳ್ಳೆ ಏಳಬಹುದು. ಹಗುರವಾದ ಗೆರೆಚಿತ್ರವಾದರೆ ಹೆಣೆದ ತೆಳು ಫ್ಯೂಸಿಂಗ್ ಹಾಕಿ. ಅದು ಸಾಮಾನ್ಯವಾಗಿ ಒಂದೇ ಕಡೆಗೆ ಹೆಚ್ಚು ಹಿಗ್ಗುತ್ತದೆ. ಹಿಗ್ಗದ ದಿಕ್ಕು ಶರ್ಟಿನ ಅಡ್ಡಕ್ಕೆ ಬರಲಿ. ಇಸ್ತ್ರಿಯನ್ನು ಉಜ್ಜದೆ, ಒತ್ತಿ ಎತ್ತಿ.

ದಾರದುಂಡೆ: ನಾನು ಮಾಡಿದ ಶರ್ಟುಗಳಲ್ಲಿ ಗುಳ್ಳೆ ಎದ್ದಿಲ್ಲ.

ಕಸೂತಿಮನೆ_ಧಾರವಾಡ: ನೀವು ಹಾಕಿದ್ದು ದಪ್ಪನೆಯ ಕಾಲರ್ ಶರ್ಟಿನ ಬಟ್ಟೆಗಿರಬೇಕು, ಅದು ಅಷ್ಟು ಹಿಗ್ಗುವುದಿಲ್ಲ.

ಹೊಂಗೆನೆರಳು: ಕಟ್-ಅವೇ ಒಳಗೆ ಉಳಿದರೆ ಮಗುವಿಗೆ ಚುಚ್ಚುವುದಿಲ್ಲವೇ? ಈಗಿರುವ ಹೂವನ್ನು ಉಳಿಸಿಕೊಳ್ಳಬಹುದೇ?

ಹಳೆಸೂಜಿ: ಮೂಲೆಗಳನ್ನು ದುಂಡಗೆ ಕತ್ತರಿಸಿ, ಗಂಟುಗಳನ್ನೂ ಮುಚ್ಚುವಂತೆ ಮೇಲೊಂದು ತೆಳು ಹೆಣೆದ ಫ್ಯೂಸಿಂಗ್ ಅಂಟಿಸಿ. ಹೂವಿನ ವಿಷಯಕ್ಕೆ, ಈಗ ಹಿಂದೆ ಏನು ಸೇರಿಸಿದರೂ ನೆರಿಗೆ ಬಿಡುವುದಿಲ್ಲ. ಹೊರಗಿನ ಒಂದು ದಳವನ್ನು ಹಿಂಬದಿಯಿಂದ ಬಿಚ್ಚಿ, ಆ ಜಾಗಕ್ಕೆ ಹಬೆ ಕೊಟ್ಟು ನೋಡಿ. ಕುಣಿಕೆಗಳು ಹರಿಯದೆ ಬಟ್ಟೆ ಚಪ್ಪಟೆಯಾದರೆ ಉಳಿದವನ್ನೂ ಬಿಚ್ಚಿ ಮತ್ತೆ ತುಂಬಬಹುದು.

ಕಸೂತಿಮನೆ_ಧಾರವಾಡ: ನನಗನಿಸುವಂತೆ ಎಲ್ಲವನ್ನೂ ಬಿಚ್ಚುವ ಬದಲು, ಒಗೆದ ಇನ್ನೊಂದು ಶರ್ಟಿನ ಮೇಲೆ ಅದೇ ತಾವರೆಯನ್ನು ಬರೀ ಅಂಚುಗೆರೆಯಲ್ಲಿ ಹಾಕುವುದು ಮೇಲು.

ಹೊಂಗೆನೆರಳು: ಮಗಳಿಗೆ ತುಂಬಿದ ಹೂವೇ ಬೇಕಂತೆ. ಮೊದಲು ಒಂದು ದಳವನ್ನು ಬಿಚ್ಚಿ ನೋಡುತ್ತೇನೆ.