ಗೈಡ್ ಕಾಮೆಂಟ್ ಹಾಕಿದ ಫೈಲ್ ತೆರೆಯಲೇ ಆಗುತ್ತಿಲ್ಲ

ಕೇಳಿದವರು: ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರನೇ ಅಧ್ಯಾಯಕ್ಕೆ ಗೈಡ್ ಕಾಮೆಂಟ್ ಹಾಕಿ ಯುಗಾದಿಗೂ ಮೊದಲೇ ಕಳಿಸಿದ್ದಾರೆ. ಇನ್ನೂ ಫೈಲ್ ತೆರೆದಿಲ್ಲ. ಮಿಕ್ಕ ಕೆಲಸವೆಲ್ಲ ಆಗುತ್ತದೆ, ನಿನ್ನೆ ಅಡುಗೆಮನೆ ಡಬ್ಬ ಒಂದೂ ಬಿಡದೆ ತೊಳೆದಿಟ್ಟೆ. ಈ ಸೋಮಾರಿತನಕ್ಕೆ ಮದ್ದಿದೆಯಾ?

ಲೆಕ್ಕದ ಮೇಷ್ಟ್ರು: ಫೋನ್ ಬೇರೆ ಕೋಣೆಯಲ್ಲಿಡಿ. 25 ನಿಮಿಷಕ್ಕೆ ಟೈಮರ್ ಇಟ್ಟು ಕೂರಿ, ಆಮೇಲೆ 5 ನಿಮಿಷ ಬಿಡುವು. ಉತ್ತರ ಪತ್ರಿಕೆಯ ಕಟ್ಟುಗಳನ್ನು ನಾನು ಮುಗಿಸುವುದು ಹೀಗೇ. ಶಿಸ್ತು ಬೇಕು, ಅಷ್ಟೇ.

ಹಳೇ ಸ್ಕಾಲರ್: ಮೇಷ್ಟ್ರೇ, ಬೇಜಾರಿನ ಕೆಲಸಕ್ಕೆ ಟೈಮರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಉತ್ತರ ಪತ್ರಿಕೆಯಲ್ಲಿರುವ ತಪ್ಪು ಮಕ್ಕಳದು. ಈ ಫೈಲಿನಲ್ಲಿರುವುದು ಇವರದೇ ತಪ್ಪು. ಅಲ್ಲೇ ಇರುವುದು ವ್ಯತ್ಯಾಸ.

ಡಬ್ಬ ಎಲ್ಲ ತೊಳೆದವರು ಸೋಮಾರಿ ಹೇಗಾಗುತ್ತಾರೆ? ಗೈಡ್ ಹೆಸರು ಇನ್‌ಬಾಕ್ಸಿನಲ್ಲಿ ಕಂಡರೆ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ, ಅಲ್ವಾ? ‘ನಾಳೆ ನೋಡೋಣ’ ಅಂದ ತಕ್ಷಣ ಹಾಯೆನಿಸುತ್ತದೆ. ತಂಟೆ ಇರುವುದೇ ಆ ಹಾಯೆನಿಸುವುದರಲ್ಲಿ. ಮುಂದೂಡಿದರೆ ನೆಮ್ಮದಿ ಸಿಗುತ್ತದೆ ಅಂತ ಮನಸ್ಸು ಕಲಿತುಬಿಡುತ್ತದೆ. ಮುಂದೂಡುವುದು ಸಮಯ ಹೊಂದಿಸಿಕೊಳ್ಳುವ ತೊಂದರೆಗಿಂತ ಹೆಚ್ಚಾಗಿ ಆ ಹೊತ್ತಿನ ಮನಸ್ಸನ್ನು ಸರಿಮಾಡಿಕೊಳ್ಳುವ ದಾರಿ ಅಂತ ಸಿರೋಯ್ ಮತ್ತು ಪಿಚಿಲ್ ಎಂಬ ಸಂಶೋಧಕರು 2013ರಲ್ಲಿ ವಾದಿಸಿದ್ದಾರೆ.

ಹಾಗಾಗಿ ಮೊದಲು ನಿಮ್ಮ ಸಂಕಟ ಯಾವುದು ಅಂತ ಒಂದು ಸಾಲು ಬರೆಯಿರಿ. ‘ನಾನು ದಡ್ಡ ಅಂತ ಗೊತ್ತಾಗಿಬಿಡುತ್ತದೆ’ ಎಂಬ ಭಯವಾ? ‘ಇಷ್ಟು ದಿನ ಉತ್ತರ ಕೊಟ್ಟಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಬರೆಯಲಿ’ ಎಂಬ ನಾಚಿಕೆಯಾ? ಎರಡೂ ಬೇರೆ, ದಾರಿಯೂ ಬೇರೆ.

ಭಯವಾದರೆ ಫೈಲನ್ನು ನೀವು ತೆರೆಯಬೇಡಿ. ಸ್ನೇಹಿತರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಮೆಂಟುಗಳನ್ನಷ್ಟೇ ಓದಿಸಿ. ನೀವು ನೋಟ್‌ಬುಕ್ಕಿನಲ್ಲಿ ಮೂರು ಪಾಲು ಮಾಡಿ ಬರೆದುಕೊಳ್ಳಿ: ಕಾಗುಣಿತ, ಅಡಿಟಿಪ್ಪಣಿಯಂಥವು ಒಂದು ಕಡೆ, ‘ಇದನ್ನು ವಿವರಿಸಿ’ ಎಂದಿರುವವು ಇನ್ನೊಂದು ಕಡೆ, ವಾದವನ್ನೇ ಪ್ರಶ್ನಿಸುವವು ಮತ್ತೊಂದು ಕಡೆ. ನಾನು ನೋಡಿದ ಅಧ್ಯಾಯಗಳಲ್ಲಿ ಮೂರನೇ ಪಾಲು ಬಹಳ ಸಣ್ಣದು. ಹೆದರಿಕೆ ಮಾತ್ರ ಎಲ್ಲವೂ ಅದೇ ಇರುತ್ತದೆ ಎಂಬಂತೆ ಇರುತ್ತದೆ. ಅವತ್ತು ಏನೂ ತಿದ್ದಬೇಡಿ.

ಮರುದಿನಕ್ಕೆ ‘ಅಧ್ಯಾಯ ತಿದ್ದುತ್ತೇನೆ’ ಅಂತ ಬರೆದುಕೊಂಡರೆ ಅದು ನಡೆಯುವುದಿಲ್ಲ. ‘ಬೆಳಿಗ್ಗೆ ಕಾಫಿ ಲೋಟ ತೊಳೆದಿಟ್ಟ ಕೂಡಲೇ ನಾಲ್ಕನೇ ಕಾಮೆಂಟಿನ ಅಡಿಟಿಪ್ಪಣಿಗೆ ಪುಟಸಂಖ್ಯೆ ಹಾಕುತ್ತೇನೆ’ ಅಂತ ಬರೆಯಿರಿ. ಯಾವುದರ ಬೆನ್ನಿಗೆ ಏನು ಅನ್ನುವುದು ಮೊದಲೇ ತೀರ್ಮಾನವಾಗಿದ್ದರೆ ಆ ಹೊತ್ತಿನಲ್ಲಿ ಮನಸ್ಸಿನ ಜೊತೆ ಚೌಕಾಸಿ ಇರುವುದಿಲ್ಲ. ಒಂದು ಎಚ್ಚರ: ಫಾಂಟ್, ಮಾರ್ಜಿನ್ ಸರಿಮಾಡುತ್ತಾ ಕೂತಿದ್ದರೆ ನೀವು ಮತ್ತೆ ಡಬ್ಬ ತೊಳೆಯುತ್ತಿದ್ದೀರಿ ಅಂತಲೇ ಲೆಕ್ಕ.

ಎಸ್‌ಎಸ್‌ಎಲ್‌ಸಿ ಅಮ್ಮ: ನನ್ನ ಮಗನೂ ಹೀಗೇ! ಪುಸ್ತಕ ಮುಟ್ಟುವುದಿಲ್ಲ. ಬೈದೂ ಬೈದೂ ಸಾಕಾಯಿತು. ಯಾವ ಟ್ಯೂಷನ್ ಒಳ್ಳೆಯದು?

ಹಳೇ ಸ್ಕಾಲರ್: ಅಮ್ಮ, ಟ್ಯೂಷನ್ ವಿಷಯ ನನಗೆ ಗೊತ್ತಿಲ್ಲ. ಬೈಗುಳದ ಬಗ್ಗೆ ಮಾತ್ರ ಹೇಳುತ್ತೇನೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಬಂತು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದರೆ ಪುಸ್ತಕದ ಜೊತೆ ಇನ್ನೊಂದು ಸಂಕಟ ಅಂಟಿಕೊಳ್ಳುತ್ತದೆ.

ಲೆಕ್ಕದ ಮೇಷ್ಟ್ರು: ಕ್ಷಮಿಸಿಕೊಳ್ಳುತ್ತಾ ಕೂತರೆ ಸಿಲಬಸ್ ಮುಗಿಯುವುದಿಲ್ಲ ಸ್ವಾಮಿ. ನನ್ನ ಅನುಭವದಲ್ಲಿ ಸ್ವಲ್ಪ ಹೆದರಿಕೆ ಇದ್ದವರೇ ಓದುವುದು.

ರಾತ್ರಿ ಪಾಳಿ: ನನಗೆ ಕರೆಂಟ್ ಬಿಲ್ ಕಟ್ಟುವಂಥ ಸಣ್ಣ ಕೆಲಸವೂ ಚಿಕ್ಕಂದಿನಿಂದ ಹೀಗೇ ಉಳಿಯುತ್ತಿತ್ತು. ಪಟ್ಟಿ, ಟೈಮರ್ ಎಲ್ಲ ಆದ ಮೇಲೆ ಮನೋವೈದ್ಯರಲ್ಲಿಗೆ ಹೋದೆ. ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಅಂದರು. ನಿಮ್ಮದು ಒಂದೇ ಫೈಲಿನ ವಿಷಯ, ಹಾಗಾಗಿ ಅದೇ ಅಂತ ಹೇಳುತ್ತಿಲ್ಲ. ಆದರೆ ಎಲ್ಲ ಕೆಲಸವೂ ಹೀಗಾಗುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಒಮ್ಮೆ ತೋರಿಸಿ.

ಕೇಳಿದವರು: ಬರೆದು ನೋಡಿದೆ. ಭಯ ಅಂದುಕೊಂಡಿದ್ದೆ, ನಾಚಿಕೆಯೇ ಜಾಸ್ತಿ. ಈಗ ಗೈಡ್‌ಗೆ ಮೊದಲು ಮೇಲ್ ಹಾಕಲಾ, ಫೈಲ್ ತೆರೆಯಲಾ?

ಹಳೇ ಸ್ಕಾಲರ್: ಮೇಲ್ ಮೊದಲು. ಕಾರಣದ ಪುರಾಣ ಬೇಡ. ‘ಸರ್, ಉತ್ತರ ತಡವಾಯಿತು, ಕ್ಷಮಿಸಿ. ಈ ಶುಕ್ರವಾರದೊಳಗೆ ಸಣ್ಣ ತಿದ್ದುಪಡಿಗಳನ್ನು ಕಳಿಸುತ್ತೇನೆ’ ಅಂತ ಎರಡೇ ಸಾಲು.

ರಾತ್ರಿ ಪಾಳಿ: ನಾನಾಗಿದ್ದರೆ ಫೈಲ್ ಮೊದಲು. ಶುಕ್ರವಾರ ಅಂತ ಮಾತು ಕೊಟ್ಟು ಅದೂ ತಪ್ಪಿದರೆ ನಾಚಿಕೆ ದುಪ್ಪಟ್ಟು.

ಹಳೇ ಸ್ಕಾಲರ್: ಅದೂ ಸರಿಯೇ. ಹಾಗಾದರೆ ಶುಕ್ರವಾರದ ಮಾತು ತೆಗೆದುಬಿಡಿ, ಕ್ಷಮೆಯ ಸಾಲು ಮಾತ್ರ ಹೋಗಲಿ.